ಬಿಟ್ಟಿದ್ದು ಕಾಫಿ, ಬೈಸಿಕೊಂಡಿದ್ದು ಕಬ್ಬಿಣದ ಮಾತ್ರೆ: ಮಂಡ್ಯದ ಒಂದು ತಲೆನೋವಿನ ಪ್ರಕರಣ

ರೋಗಿ 43 ವರ್ಷದ ಹೆಂಗಸು. ಮಂಡ್ಯ ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ಹನ್ನೆರಡು ದಿನದಿಂದ ತಲೆನೋವು ಅಂತ ಬಂದರು. ಮೊದಲು ಯಾವತ್ತೂ ಇಂಥ ನೋವು ಬಂದಿರಲಿಲ್ಲ, ಮನೆಯಲ್ಲಿ ಯಾರಿಗೂ ಮೈಗ್ರೇನ್ ಇಲ್ಲ, ಕಣ್ಣಿನ ಪರೀಕ್ಷೆ ಹಿಂದಿನ ವರ್ಷವೇ ಆಗಿ ಕನ್ನಡಕ ಬದಲಾಗಿತ್ತು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಕಾರಣವನ್ನು ಅವರೇ ಗೊತ್ತು ಮಾಡಿಕೊಂಡು ಬಂದಿದ್ದರು. "ಡಾಕ್ಟ್ರೇ, ಆ ಕಬ್ಬಿಣದ ಮಾತ್ರೆ ನಂಗೆ ಆಗ್ತಿಲ್ಲ. ಅದು ಶುರು ಮಾಡಿದ ಮಾರನೇ ದಿನದಿಂದ್ಲೇ ತಲೆ ಸಿಡೀತಿದೆ. ಬೇರೆ ಏನಾದ್ರೂ ಬರ್ಕೊಡಿ" ಅಂದರು. ಚೀಟಿ ನೋಡಿದೆ. ಹಿಮೋಗ್ಲೋಬಿನ್ 9.4. ಹೆಂಗಸರಿಗೆ 12 ಆದರೂ ಇರಬೇಕು. ಮುಟ್ಟಿನಲ್ಲಿ ತುಂಬಾ ರಕ್ತ ಹೋಗುತ್ತಿದ್ದದ್ದಕ್ಕೆ ಬೇರೆ ಕಡೆ ತೋರಿಸಿ, ಅಲ್ಲಿ ಮಾತ್ರೆ ಬರೆಸಿಕೊಂಡು ಬಂದಿದ್ದರು. ಭಾನುವಾರ ರಾತ್ರಿ ಮೊದಲ ಮಾತ್ರೆ ನುಂಗಿದ್ದರು. ಸೋಮವಾರ ಮಧ್ಯಾಹ್ನ ತಲೆ ಭಾರ. ಮಂಗಳವಾರ ಎದ್ದು ಕೂರಲಾಗದಷ್ಟು ನೋವು. ಗುರುವಾರ ಮಾತ್ರೆ ನಿಲ್ಲಿಸಿಬಿಟ್ಟರು.

ಇಲ್ಲೇ ಒಂದು ವಿಷಯ ಹೊಂದುತ್ತಿರಲಿಲ್ಲ. ಮಾತ್ರೆಯಿಂದ ಬಂದ ನೋವಾದರೆ ಮಾತ್ರೆ ನಿಲ್ಲಿಸಿದ ಮೇಲೆ ಹೋಗಬೇಕಲ್ವಾ? ನಿಲ್ಲಿಸಿ ವಾರದ ಮೇಲಾಗಿತ್ತು. ನೋವು ಮಾತ್ರ ಹಾಗೇ ಇತ್ತು. ಕಬ್ಬಿಣದ ಮಾತ್ರೆ ಹೊಟ್ಟೆ ತೊಳಸುತ್ತದೆ, ಮಲಬದ್ಧತೆ ತರುತ್ತದೆ, ಮಲ ಕಪ್ಪಾಗುತ್ತದೆ. ಈ ಮೂರನ್ನೂ ಜನ ಬಂದು ಹೇಳುತ್ತಾರೆ. ಎರಡೇ ದಿನದಲ್ಲಿ ತಲೆ ಸಿಡಿಯುವ ನೋವು ಅದರಿಂದ ಬರುವುದು ನಾನು ಕಾಣುವ ದೂರಲ್ಲ. ರಕ್ತ ಕಡಿಮೆ ಇದ್ದರೂ ತಲೆನೋವು ಬರುತ್ತದೆ ನಿಜ, ಆದರೆ ರಕ್ತ ಕಡಿಮೆಯಾಗಿದ್ದು ತಿಂಗಳುಗಟ್ಟಲೆಯಲ್ಲಿ, ನೋವು ಶುರುವಾಗಿದ್ದು ಒಂದು ಸೋಮವಾರ ಮಧ್ಯಾಹ್ನ. ಹಾಗೆ ದಿನ, ಹೊತ್ತು ಹೇಳಿ ಬರುವ ನೋವಿಗೆ ಕಾರಣವೂ ಅಂಥದ್ದೇ ಒಂದು ದಿನ, ಒಂದು ಹೊತ್ತಿನದ್ದಾಗಿರುತ್ತದೆ.

ಹೊಸ ತಲೆನೋವು ಅಂತ ಯಾರೇ ಬಂದರೂ ನಾವು ಕೇಳುವ ಪ್ರಶ್ನೆ, "ಹೊಸದಾಗಿ ಏನಾದ್ರೂ ಶುರು ಮಾಡಿದ್ರಾ?" ಜನರೂ ಅದನ್ನೇ ಯೋಚಿಸಿಕೊಂಡು ಬಂದಿರುತ್ತಾರೆ. ಹೊಸ ಮಾತ್ರೆ, ಹೊಸ ಎಣ್ಣೆ, ಹೊಸ ಕನ್ನಡಕ. ಬಿಟ್ಟಿದ್ದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಒಳ್ಳೆಯದಾಗಲಿ ಅಂತ ಬಿಟ್ಟಿದ್ದನ್ನಂತೂ ಹೇಳುವುದೇ ಇಲ್ಲ, ಅದರಿಂದ ಕೆಟ್ಟದ್ದಾಗಬಹುದು ಅನ್ನುವ ಯೋಚನೆಯೇ ಬರುವುದಿಲ್ಲ. ಹಾಗಾಗಿ ಎರಡನೇ ಪ್ರಶ್ನೆ ಕೇಳಲೇಬೇಕು. "ಏನಾದ್ರೂ ಬಿಟ್ರಾ?"

"ಬಿಟ್ಟಿದ್ದು ಅಂದ್ರೆ... ಕಾಫಿ, ಟೀ ಬಿಟ್ಟಿದೀನಿ. ಅದು ಒಳ್ಳೇದೇ ಅಲ್ವಾ?"

ಮಾತ್ರೆ ಕೊಟ್ಟ ಕಡೆ, ಕಾಫಿ ಟೀ ಜೊತೆ ತಗೋಬೇಡಿ ಅಂದಿದ್ದರಂತೆ. ಸರಿಯಾದ ಮಾತೇ. ಮನೆಗೆ ಬಂದ ಮೇಲೆ ನಾದಿನಿ, "ಜೊತೆಗೆ ಬೇಡ ಅಂದ್ರೆ ಏನು, ಪೂರ್ತಿ ಬಿಟ್ಬಿಡಿ ಅತ್ತಿಗೆ, ಗ್ಯಾಸ್ಟ್ರಿಕ್ಕೂ ಹೋಗುತ್ತೆ" ಅಂದರಂತೆ. ಇವರು ಮನಸ್ಸು ಗಟ್ಟಿ ಮಾಡಿ ಭಾನುವಾರ ಸಂಜೆ ಆರಕ್ಕೆ ಕೊನೆಯ ಲೋಟ ಕುಡಿದರು. ಸೋಮವಾರದಿಂದ ಬೆಳಗ್ಗೆ ಜೀರಿಗೆ ಕೊತ್ತಂಬರಿ ಬೀಜದ ಕಷಾಯ. ಅದರಲ್ಲಿ ಕೆಫೀನ್ ಇಲ್ಲ. ಅಂದರೆ ಕಬ್ಬಿಣದ ಮಾತ್ರೆ ಶುರುವಾಗಿದ್ದೂ ಕಾಫಿ ನಿಂತಿದ್ದೂ ಒಂದೇ ರಾತ್ರಿ. ಶುರುವಾಗಿದ್ದು ಕಣ್ಣಿಗೆ ಬಿತ್ತು, ನಿಂತಿದ್ದು ಬೀಳಲಿಲ್ಲ. ಬೇಕಾಗಿದ್ದ ಔಷಧಿ ಮೂಲೆ ಸೇರಿತು.

ಆ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಕೆಫೀನ್ ನಿಲ್ಲಿಸಿದ ಮೇಲೆ ತಲೆನೋವು ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. 20ರಿಂದ 51 ಗಂಟೆಯ ನಡುವೆ ಜೋರಾಗಿರುತ್ತದೆ. ಎರಡು ದಿನದಿಂದ ಒಂಬತ್ತು ದಿನದವರೆಗೆ ಇರಬಹುದು. ಭಾನುವಾರ ಸಂಜೆ ಆರರಿಂದ ಲೆಕ್ಕ ಹಾಕಿದರೆ ಸೋಮವಾರ ಮಧ್ಯಾಹ್ನ ಎರಡಕ್ಕೆ 20 ಗಂಟೆ. ಅವರಿಗೆ ತಲೆ ಭಾರ ಅನ್ನಿಸಿದ್ದು ಆಗಲೇ. ಅತಿ ಜೋರಾಗಿದ್ದ ಮಂಗಳವಾರ ಬೆಳಗ್ಗೆ 36 ಗಂಟೆ. ಪುಸ್ತಕದಲ್ಲಿ ಬರೆದ ಹಾಗೇ ಕೂತಿತು.

ನೋವಿನ ರೀತಿಯೂ ಹಾಗೇ ಇತ್ತು. ತಲೆಯ ಎರಡೂ ಕಡೆ, ಹಣೆಯಿಂದ ಹಿಂದಕ್ಕೆ, ಒತ್ತಿ ಹಿಡಿದ ಹಾಗೆ, ಬಗ್ಗಿದರೆ ಧಗಧಗ. ಅದರ ಜೊತೆಗೆ ಬಂದಿದ್ದನ್ನು ಅವರು ನೋವಿನ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲ. ಹಗಲೆಲ್ಲ ತೂಕಡಿಕೆ. ಮೈ ಕೈ ಬಿಗಿತ, ಜ್ವರ ಬರುವ ಮುಂಚೆ ಆಗುತ್ತಲ್ಲ, ಹಾಗೆ. ಗಿರಾಕಿಗಳ ಮೇಲೆ ಸಿಟ್ಟು. ಮದುವೆ ಸೀಸನ್ ಬೇರೆ, ಕೈ ತುಂಬಾ ಕೆಲಸ. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯಬೇಕಾಯಿತಂತೆ, ಒಂದು ರೇಷ್ಮೆ ಬ್ಲೌಸಿಗೆ ಎಡತೋಳನ್ನು ಬಲಕ್ಕೆ ಹಾಕಿ ಹೊಲಿದು ಆಮೇಲೆ ಕೂತು ಬಿಚ್ಚಿದರಂತೆ. ಇಪ್ಪತ್ತು ವರ್ಷದ ಕೈಗೆ ಅಂಥ ತಪ್ಪಾಗುವುದಿಲ್ಲ. ಕೆಫೀನ್ ನಿಂತಾಗ ತಲೆನೋವು ಮಾತ್ರ ಬರುವುದಲ್ಲ. ಸುಸ್ತು, ನಿದ್ದೆಯ ಮಂಪರು, ಗಮನ ನಿಲ್ಲದಿರುವುದು, ಕಿರಿಕಿರಿ, ಒಮ್ಮೊಮ್ಮೆ ವಾಕರಿಕೆ, ಇಷ್ಟೂ ಒಟ್ಟಿಗೆ ಬರುತ್ತವೆ. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯಲ್ಲಿ ಇದನ್ನು ಒಂದು ರೋಗನಿರ್ಣಯವಾಗಿಯೇ ಸೇರಿಸಿದ್ದಾರೆ.

ಆದರೂ ಒಂದು ಗಂಟು ಉಳಿದಿತ್ತು. ಒಂಬತ್ತು ದಿನ ದಾಟಿ ಹನ್ನೆರಡು ಆಗಿತ್ತು. ಇಷ್ಟು ಹೊತ್ತಿಗೆ ತಾನಾಗಿ ಹೋಗಿರಬೇಕಿತ್ತು. ಯಾಕೆ ಹೋಗಲಿಲ್ಲ?

"ನೋವಿಗೆ ಏನು ತಗೋತಿದೀರಿ?" ಅಂದೆ. ಪರ್ಸಿನಿಂದ ಒಂದು ಸ್ಟ್ರಿಪ್ ತೆಗೆದರು. ಎರಡೇ ಮಾತ್ರೆ ಉಳಿದಿತ್ತು, ಅದು ಎರಡನೇ ಸ್ಟ್ರಿಪ್. ಮಂಗಳವಾರ ರಾತ್ರಿ ಗಂಡ ಮೆಡಿಕಲ್ ಶಾಪಿನಿಂದ ತಲೆನೋವಿಗೆ ಅಂತ ಕೇಳಿ ತಂದಿದ್ದು. ತಗೊಂಡ ಮುಕ್ಕಾಲು ಗಂಟೆಗೆ ನೋವು ಇಳಿಯುತ್ತಿತ್ತು, ಕೆಲಸ ಆಗುತ್ತಿತ್ತು, ಮಾರನೇ ದಿನ ಮತ್ತೆ ಶುರು. ದಿನಕ್ಕೊಂದು, ಕೆಲವು ದಿನ ಎರಡು. ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದೆ. ಪ್ಯಾರಾಸಿಟಮಾಲ್ ಜೊತೆಗೆ ಕೆಫೀನ್, ಒಂದು ಮಾತ್ರೆಗೆ 50 ಮಿ.ಗ್ರಾಂ.

ಗಂಟು ಬಿಚ್ಚಿಕೊಂಡಿತು. ಲೋಟದಲ್ಲಿ ಬಿಟ್ಟಿದ್ದನ್ನು ಅವರು ಮಾತ್ರೆಯಲ್ಲಿ ಸ್ವಲ್ಪ ಸ್ವಲ್ಪ ನುಂಗುತ್ತಿದ್ದರು. ನೋವು ಕಡಿಮೆಯಾಗಲು ಪ್ಯಾರಾಸಿಟಮಾಲ್ ಒಂದು ಕಾರಣ, ಕೆಫೀನ್ ಇನ್ನೊಂದು. ಆದರೆ ಆ 50 ಮಿ.ಗ್ರಾಂ ದೇಹವನ್ನು ಪೂರ್ತಿ ಬಿಡಿಸಿಕೊಳ್ಳಲು ಬಿಡುವುದಿಲ್ಲ, ಪೂರ್ತಿ ತೃಪ್ತಿಪಡಿಸುವುದೂ ಇಲ್ಲ. ನಾಲ್ಕೈದು ದಿನದಲ್ಲಿ ಮುಗಿಯಬೇಕಾದ್ದು ಎಳೆದುಕೊಂಡು ಹೋಗುತ್ತದೆ. ಇಂಥ ಮಿಶ್ರ ಮಾತ್ರೆಗಳಿಗೆ ಇನ್ನೊಂದು ಅಪಾಯವೂ ಇದೆ. ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಜಾಸ್ತಿ, ಮೂರು ತಿಂಗಳ ಮೇಲೆ ತಗೊಂಡರೆ ಮಾತ್ರೆಯೇ ತಲೆನೋವು ಹುಟ್ಟಿಸಲು ಶುರು ಮಾಡುತ್ತದೆ. ಇವರು ಅಲ್ಲಿಗೆ ಮುಟ್ಟಿರಲಿಲ್ಲ. ದಾರಿ ಮಾತ್ರ ಅದೇ ಆಗಿತ್ತು.

ಮತ್ತೊಂದು ಸುಳಿವು ಮಾತಿನ ನಡುವೆ ಸುಮ್ನೆ ಬಂತು. ಮಧ್ಯದ ಭಾನುವಾರ ಮದ್ದೂರಿನ ಕಡೆ ಬೀಗರೂಟಕ್ಕೆ ಹೋಗಿದ್ದರು. ಅವತ್ತು ಒಂದು ದಿನ ತಲೆನೋವೇ ಇರಲಿಲ್ಲವಂತೆ. ನಾಲ್ಕು ಜನರ ಜೊತೆ ಕೂತು ಉಂಡು ನಕ್ಕಿದ್ದಕ್ಕೆ ಹೋಯಿತು ಅಂದುಕೊಂಡಿದ್ದರು. "ಅಲ್ಲಿ ಕಾಫಿ ಕುಡಿದ್ರಾ?" ಅಂದೆ. ಸ್ವಲ್ಪ ಯೋಚಿಸಿದರು. ಹೋದ ತಕ್ಷಣ ಒಂದು ಲೋಟ, ಹೊರಡುವಾಗ ಒಂದು ಲೋಟ. ಬೀಗರ ಮನೆಯಲ್ಲಿ ಕೊಟ್ಟ ಕಾಫಿಯನ್ನು ಬೇಡ ಅನ್ನಲು ಆಗುತ್ತಾ? "ಅವತ್ತೊಂದಿನ ಅಲ್ವಾ ಅಂತ ಲೆಕ್ಕಕ್ಕೆ ಹಿಡೀಲಿಲ್ಲ" ಅಂದರು.

ಅವರು ದಿನಕ್ಕೆ ಎಷ್ಟು ಕೆಫೀನ್ ಕುಡಿಯುತ್ತಿದ್ದರು ಅನ್ನುವುದು ಮುಂದಿನ ಪ್ರಶ್ನೆ. ಎಷ್ಟು ಲೋಟ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಒಂದು ಮನೆಯ ಲೋಟ ಇನ್ನೊಂದು ಮನೆಯದ್ದಲ್ಲ, ಡಿಕಾಕ್ಷನ್ ಒಂದೊಂದು ಮನೆಯಲ್ಲಿ ಒಂದೊಂದು ಹದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಕೊಟ್ಟ ಅಂದಾಜು ಹೀಗಿದೆ. 150 ಮಿ.ಲೀ. ಕುದಿಸಿದ ಅಥವಾ ಫಿಲ್ಟರ್ ಮಾಡಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ದಿನಕ್ಕೆ 300 ಮಿ.ಗ್ರಾಂ ದಾಟಬೇಡಿ ಅಂತಲೂ ಅದರಲ್ಲೇ ಇದೆ. ಆದರೆ ನಮ್ಮ ಕಾಫಿಯಲ್ಲಿ ಮುಕ್ಕಾಲು ಪಾಲು ಹಾಲು. ಹಾಗಾಗಿ ನಾನು ಪುಡಿಯ ಲೆಕ್ಕ ಕೇಳುತ್ತೇನೆ. ಅರ್ಧ ಕೆ.ಜಿ. ಪುಡಿ ಎಷ್ಟು ದಿನ ಬರುತ್ತೆ, ಅದರಲ್ಲಿ ಚಿಕೋರಿ ಎಷ್ಟು, ಮನೆಯಲ್ಲಿ ಕುಡಿಯುವವರು ಎಷ್ಟು ಜನ.

ಅವರ ಮನೆಯಲ್ಲಿ ಅರ್ಧ ಕೆ.ಜಿ. ಹತ್ತು ದಿನಕ್ಕೆ ಖಾಲಿ. ದಿನಕ್ಕೆ 50 ಗ್ರಾಂ ಆಯಿತು. ಕುಡಿಯುವವರು ಅತ್ತೆ, ಗಂಡ, ಇವರು. ಜಾಸ್ತಿ ಪಾಲು ಇವರದ್ದೇ, ಹತ್ತಿರ ಹತ್ತಿರ 20 ಗ್ರಾಂ. ಪುಡಿಯಲ್ಲಿ ಚಿಕೋರಿ 30 ಭಾಗ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಉಳಿದ ಕಾಫಿ 14 ಗ್ರಾಂ. ಅರೇಬಿಕಾ ಬೀಜದಲ್ಲಿ ನೂರಕ್ಕೆ ಒಂದು ಕಾಲು ಭಾಗದಷ್ಟು ಕೆಫೀನ್, ರೊಬಸ್ಟಾದಲ್ಲಿ ಅದರ ಎರಡರಷ್ಟು ಹತ್ತಿರ. ಎರಡನ್ನೂ ಸಮ ಬೆರೆಸಿದ ಪುಡಿ ಅಂತ ಹಿಡಿದರೆ 240 ಮಿ.ಗ್ರಾಂ ಸುಮಾರು. ಗಸಿಯಲ್ಲಿ ಸ್ವಲ್ಪ ಉಳಿಯುತ್ತದೆ, ಲೋಟಕ್ಕೆ ಬರುವುದು 210 ಅನ್ನಬಹುದು. ಬೆಳಗ್ಗೆ ಐದೂವರೆ, ತಿಂಡಿ ಆದ ಮೇಲೆ, ಸಂಜೆ ಆರು, ಹೀಗೆ ಮೂರು ಲೋಟಕ್ಕೆ ಹಂಚಿದರೆ ಲೋಟಕ್ಕೆ 70. ಇದರ ಮೇಲೆ ಅಂಗಡಿಯಲ್ಲಿ ಹನ್ನೊಂದಕ್ಕೂ ನಾಲ್ಕಕ್ಕೂ ಸಣ್ಣ ಗ್ಲಾಸಿನ ಟೀ, ಎರಡೂ ಸೇರಿ 40. ಒಟ್ಟು 250.

ಇದು ವಿಪರೀತ ಅಲ್ಲ ಅನ್ನುವುದನ್ನು ಗಮನಿಸಿ. ಮಿತಿಯ ಒಳಗೇ ಇದ್ದಾರೆ. ಜನ ಈ ತಲೆನೋವನ್ನು ದಿನಕ್ಕೆ ಹತ್ತು ಕಾಫಿ ಕುಡಿಯುವವರ ಕಾಯಿಲೆ ಅಂದುಕೊಂಡಿದ್ದಾರೆ. ಅಲ್ಲ. ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣ ಹಿಡಿದಿರುವ ಗೆರೆ ದಿನಕ್ಕೆ 200 ಮಿ.ಗ್ರಾಂಗಿಂತ ಮೇಲೆ, ಎರಡು ವಾರಕ್ಕಿಂತ ಜಾಸ್ತಿ. 100 ಮಿ.ಗ್ರಾಂ ಕುಡಿಯುವವರಿಗೂ ಬಂದದ್ದಿದೆ. 1992ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿದರು. ದಿನಕ್ಕೆ ಸರಾಸರಿ 235 ಮಿ.ಗ್ರಾಂ ಕುಡಿಯುತ್ತಿದ್ದವರಿಗೆ, ಯಾವ ದಿನ ಕೆಫೀನ್ ಇದೆ ಯಾವ ದಿನ ಇಲ್ಲ ಅಂತ ಗೊತ್ತಾಗದ ಹಾಗೆ ಕ್ಯಾಪ್ಸೂಲ್ ಕೊಟ್ಟರು. ಕೆಫೀನ್ ಇಲ್ಲದಾಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರಿಗೆ ಮಧ್ಯಮದಿಂದ ಜೋರಾದ ತಲೆನೋವು ಬಂತು. ಅಂದರೆ ಇದು ಮನಸ್ಸಿನ ಆಸೆ, ಚಟದ ನೆಪ ಅನ್ನುವ ಮಾತು ನಿಲ್ಲುವುದಿಲ್ಲ. ಉಳಿದ ಅರ್ಧ ಜನಕ್ಕೆ ಅಷ್ಟು ನೋವು ಬರಲಿಲ್ಲ ಅನ್ನುವುದೂ ಅಷ್ಟೇ ನಿಜ. ಒಂದೇ ಪಾತ್ರೆಯ ಕಾಫಿ ಕುಡಿಯುವ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಬಂದು ಒಬ್ಬರಿಗೆ ಬರದೆ ಇರಬಹುದು. "ನಾನೂ ಬಿಟ್ಟಿದ್ದೆ, ನಂಗೇನೂ ಆಗ್ಲಿಲ್ಲ" ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಯಾಕೆ ಹೀಗಾಗುತ್ತದೆ ಅಂತ ಅವರಿಗೆ ಹೇಳಿದ ರೀತಿಯಲ್ಲೇ ಇಲ್ಲೂ ಹೇಳುತ್ತೇನೆ. ಎಚ್ಚರವಾಗಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೋಗಿ ಕೂರುವ ಜಾಗಗಳಿವೆ. ಕೂತಾಗ ಸುಸ್ತು, ನಿದ್ದೆ ಬರುತ್ತದೆ, ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ. ಕೆಫೀನ್ ಮಾಡುವ ಕೆಲಸ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು. ತಾನು ಮೆದುಳಿಗೆ ಶಕ್ತಿ ಕೊಡುವುದಿಲ್ಲ, ಅಡೆನೊಸಿನ್‌ಗೆ ಕೂರಲು ಬಿಡುವುದಿಲ್ಲ, ಅಷ್ಟೇ. ದಿನಾ ಹೀಗೇ ಆದರೆ ಮೆದುಳು ಸೀಟುಗಳನ್ನೇ ಜಾಸ್ತಿ ಮಾಡಿಕೊಳ್ಳುತ್ತದೆ. ಒಂದು ದಿನ ಟವೆಲ್ ಒಂದೂ ಬೀಳಲಿಲ್ಲ ಅಂದರೆ, ಜಾಸ್ತಿಯಾದ ಅಷ್ಟೂ ಸೀಟಿನಲ್ಲಿ ಅಡೆನೊಸಿನ್ ಕೂರುತ್ತದೆ. ರಕ್ತನಾಳಗಳು ಮಾಮೂಲಿಗಿಂತ ಹಿಗ್ಗುತ್ತವೆ, ಮೆದುಳಿಗೆ ರಕ್ತದ ಹರಿವು ಜಾಸ್ತಿಯಾಗುತ್ತದೆ, ತಲೆ ಸಿಡಿಯುತ್ತದೆ. ಜಾಸ್ತಿಯಾದದ್ದು ಇಳಿಯಲು ಮೆದುಳಿಗೆ ಕೆಲವು ದಿನ ಬೇಕು. ನೋವು ಇರುವುದು ಅಷ್ಟು ದಿನ.

ಇನ್ನು ಪರೀಕ್ಷೆ. ಕಾಫಿ ಬಿಟ್ಟಿದ್ದು ಗೊತ್ತಾಯಿತು ಅಂತ ಉಳಿದದ್ದನ್ನು ನೋಡದೆ ಕಳಿಸುವ ಹಾಗಿಲ್ಲ. ಬಿ.ಪಿ. 124/80. ಜ್ವರ ಇಲ್ಲ. ಗಲ್ಲ ಎದೆಗೆ ಮುಟ್ಟುತ್ತದೆ, ಕುತ್ತಿಗೆ ಬಿಗಿತ ಇಲ್ಲ. ಕೈಕಾಲಿನ ಬಲ, ನಡಿಗೆ, ಮಾತು ಸರಿ. ಎರಡಾಗಿ ಕಾಣುವುದು, ಮಂಜಾಗುವುದು ಇಲ್ಲ. ಹಣೆ, ಕೆನ್ನೆ ತಟ್ಟಿದರೆ ನೋವಿಲ್ಲ, ಮೂಗು ಕಟ್ಟಿಲ್ಲ. ಗರ್ಭಿಣಿ ಅಲ್ಲ. ನೋವು ಒಂದೇ ಏಟಿಗೆ, ಸಿಡಿಲು ಬಡಿದ ಹಾಗೆ ಶುರುವಾಗಿದ್ದರೆ, ಅಥವಾ ಜ್ವರ ಇದ್ದು ಕುತ್ತಿಗೆ ಬಗ್ಗದಿದ್ದರೆ, ಒಂದು ಕೈಯೋ ಕಾಲೋ ಸೋತಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ದಿನದಿಂದ ದಿನಕ್ಕೆ ಏರುತ್ತಾ ವಾಂತಿಯಾಗುತ್ತಿದ್ದರೆ, 50 ದಾಟಿದವರಿಗೆ ಮೊದಲ ಸಲ ಬಂದಿದ್ದರೆ, ಆಗ ಕಾಫಿಯ ಮಾತು ಬದಿಗಿಟ್ಟು ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಗರ್ಭಿಣಿಗೆ ಐದನೇ ತಿಂಗಳು ತುಂಬಿದ ಮೇಲೆ ತಲೆನೋವು ಬಂದರೆ ಮೊದಲು ಬಿ.ಪಿ. ನೋಡಬೇಕು.

ಇವರಲ್ಲಿ ಇವು ಯಾವುದೂ ಇರಲಿಲ್ಲ. ಹಿಂದಿನ ರಾತ್ರಿ ಎಂಟಕ್ಕೆ ಮಾತ್ರೆ ತಗೊಂಡಿದ್ದು ಬಿಟ್ಟರೆ ಅವತ್ತು ಏನೂ ತಗೊಂಡಿರಲಿಲ್ಲ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂದರೆ ಆರು ಅಂದರು. ಪಕ್ಕದ ಹೋಟೆಲಿನಿಂದ ಒಂದು ದೊಡ್ಡ ಲೋಟ ಸ್ಟ್ರಾಂಗ್ ಕಾಫಿ ತರಿಸಿದೆ. ವರ್ಗೀಕರಣದ ಪ್ರಕಾರ 100 ಮಿ.ಗ್ರಾಂ ಕೆಫೀನ್ ಒಳಗೆ ಹೋದ ಒಂದು ಗಂಟೆಯೊಳಗೆ ನೋವು ಹೋಗಬೇಕು. ಹನ್ನೊಂದು ನಲವತ್ತಕ್ಕೆ ಕುಡಿದು ಹೊರಗೆ ಬೆಂಚಿನ ಮೇಲೆ ಕೂತರು. ಹನ್ನೆರಡು ಇಪ್ಪತ್ತಕ್ಕೆ ಒಳಗೆ ಕರೆದಾಗ ಮುಖವೇ ಬೇರೆಯಾಗಿತ್ತು. ಹಣೆಯ ಗಂಟು ಸಡಿಲಾಗಿತ್ತು. "ಒಂದು ಅನ್ನಿ, ಅದೂ ಇಲ್ಲ" ಅಂದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಫಿ ಕುಡಿದ ಮೇಲೆ ನೋವು ಹೋಯಿತು ಅನ್ನುವುದೊಂದೇ ಸಾಕ್ಷಿಯಲ್ಲ. ಮೈಗ್ರೇನ್ ಇರುವ ಎಷ್ಟೋ ಜನಕ್ಕೆ ಸ್ಟ್ರಾಂಗ್ ಕಾಫಿಯಿಂದ ನೋವು ಇಳಿಯುತ್ತದೆ, ಟೆನ್ಷನ್ ತಲೆನೋವೂ ಇಳಿಯುತ್ತದೆ. ನೋವಿನ ಮಾತ್ರೆಗೆ ಕೆಫೀನ್ ಸೇರಿಸುವುದೇ ಅದಕ್ಕಾಗಿ. ಇವರಲ್ಲಿ ನನಗೆ ನಂಬಿಕೆ ಕೊಟ್ಟಿದ್ದು ಕಾಫಿಗಿಂತ ಹೆಚ್ಚಾಗಿ ಆ ಹೊತ್ತುಗಳ ಲೆಕ್ಕ: ಕೊನೆಯ ಲೋಟ, 20 ಗಂಟೆ, 36 ಗಂಟೆ, ಬೀಗರೂಟದ ಭಾನುವಾರ. ಇಷ್ಟೂ ಒಂದೇ ಕಡೆ ಬೆರಳು ತೋರಿಸಿದವು. ಸ್ಕ್ಯಾನ್ ಬರೆಯಲಿಲ್ಲ. ಎರಡು ವಾರದಲ್ಲಿ ಪೂರ್ತಿ ಹೋಗದಿದ್ದರೆ ಬರೆಯುತ್ತೇನೆ ಅಂತ ಚೀಟಿಯಲ್ಲಿ ಗುರುತು ಹಾಕಿಕೊಂಡೆ.

ಮುಂದೆ ಎರಡು ದಾರಿ ಇತ್ತು. ಒಂದು, ಆ ಮಿಶ್ರ ಮಾತ್ರೆ ಬಿಟ್ಟು, ಬರೀ ಪ್ಯಾರಾಸಿಟಮಾಲ್ ಇಟ್ಟುಕೊಂಡು ಕೆಲವು ದಿನ ತಡೆದುಕೊಳ್ಳುವುದು. ಬಹುತೇಕ ವಾರದೊಳಗೆ ಮುಗಿಯುತ್ತದೆ. ಕೆಲಸ ಇಲ್ಲದ ಹೊತ್ತಿನಲ್ಲಿ, ಪೂರ್ತಿ ಬಿಡಲೇಬೇಕು ಅನ್ನುವವರಿಗೆ ಇದು ಸರಿ. ಇನ್ನೊಂದು, ಸ್ವಲ್ಪ ಕಾಫಿಗೆ ವಾಪಸ್ ಬಂದು ನಿಧಾನವಾಗಿ ಇಳಿಸುವುದು. ಇವರು ಪೂರ್ತಿ ಬಿಡಬೇಕಾದ ಕಾರಣವೇ ಇರಲಿಲ್ಲ. ಕಬ್ಬಿಣಕ್ಕೂ ಕಾಫಿಗೂ ಬೇಕಾಗಿದ್ದು ನಡುವೆ ಅಂತರ. ಸಂಜೆಯ ಕಾಫಿಯಿಂದ ರಾತ್ರಿ ನಿದ್ದೆ ತಡವಾಗುತ್ತಿತ್ತು, ಹಾಗಾಗಿ ಕಡಿಮೆ ಮಾಡುವ ಮನಸ್ಸು ಅವರಿಗೂ ಇತ್ತು. ಎರಡನೇ ದಾರಿ ಹಿಡಿದೆವು.

ಮೊದಲ ವಾರ ಬೆಳಗ್ಗೆ ಐದೂವರೆಗೆ ಮಾಮೂಲಿ ಲೋಟ, ಸಂಜೆ ನಾಲ್ಕಕ್ಕೆ ಒಂದು. ತಿಂಡಿ ನಂತರದ್ದೂ ಅಂಗಡಿಯ ಎರಡು ಟೀಯೂ ಬಂದ್. ಇದು ದಿನಕ್ಕೆ 140 ಮಿ.ಗ್ರಾಂ ಸುಮಾರು. ಎರಡನೇ ವಾರ ಸಂಜೆಯ ಲೋಟಕ್ಕೆ ಎರಡನೇ ಸಲ ನೀರು ಹಾಕಿ ಇಳಿಸಿದ ತೆಳು ಡಿಕಾಕ್ಷನ್. ಮೂರನೇ ವಾರ ಸಂಜೆ ಕಾಫಿ ಇಲ್ಲ, ಅವರಿಗೆ ಅಭ್ಯಾಸವಾಗಿದ್ದ ಕಷಾಯಕ್ಕೆ ಬೆಲ್ಲ ಹಾಲು ಹಾಕಿ ಅದೇ ಲೋಟದಲ್ಲಿ. ಬೆಳಗಿನ ಲೋಟ ಹಾಗೇ. ಯಾವಾಗಲೂ ಸಂಜೆಯದ್ದನ್ನೇ ಮೊದಲು ತೆಗೆಯುವುದು ವಾಸಿ. ಕೆಫೀನ್ ದೇಹದಲ್ಲಿ ಅರ್ಧ ಆಗಲು ಐದು ಗಂಟೆ ಸುಮಾರು ಬೇಕು, ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಮೆದುಳಿನ ಜಾಗಗಳು ಹೆಚ್ಚೂಕಡಿಮೆ ಖಾಲಿ. ಬೆಳಗಿನ ಮೊದಲ ಗುಟುಕು ಅಷ್ಟು ಹಿತ ಅನ್ನಿಸುವುದರಲ್ಲಿ ಇದಕ್ಕೂ ಪಾಲಿದೆ. ಅದನ್ನೇ ಮೊದಲು ಕಿತ್ತರೆ ಯಾರೂ ಮೂರು ದಿನ ನಿಲ್ಲುವುದಿಲ್ಲ. ಕಾಫಿ ಬಿಟ್ಟು ಗ್ರೀನ್ ಟೀ ಕುಡಿಯುತ್ತೇನೆ ಅನ್ನುವವರು ಅದರಲ್ಲೂ ಕೆಫೀನ್ ಇದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಕಬ್ಬಿಣದ ಮಾತ್ರೆಯನ್ನು ಹನ್ನೊಂದು ಗಂಟೆಗೆ ಇಟ್ಟೆ. ಅಂಗಡಿಗೆ ಟೀ ಬರುತ್ತಿದ್ದ ಹೊತ್ತು ಅದು, ಮರೆಯುವ ಮಾತಿಲ್ಲ. ತಿಂಡಿ ಆಗಿ ಎರಡೂವರೆ ಗಂಟೆ, ಊಟಕ್ಕೆ ಇನ್ನೂ ಎರಡು ಗಂಟೆ, ಹಿಂದೆ ಮುಂದೆ ಕಾಫಿ ಇಲ್ಲ, ಹಾಲು ಮೊಸರೂ ಇಲ್ಲ. ಈ ಅಂತರದ ಬಗ್ಗೆ 1983ರ ಒಂದು ಅಧ್ಯಯನ ನನಗೆ ಯಾವಾಗಲೂ ಉಪಯೋಗಕ್ಕೆ ಬರುತ್ತದೆ. ಊಟದ ಜೊತೆ ಕಾಫಿ ಕುಡಿದರೆ ಊಟದ ಕಬ್ಬಿಣ ರಕ್ತಕ್ಕೆ ಸೇರುವುದು ಶೇಕಡ 39ರಷ್ಟು ಕಡಿಮೆಯಾಯಿತು, ಟೀ ಕುಡಿದರೆ 64. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿಯಿಂದ ಏನೂ ತೊಂದರೆ ಆಗಲಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದರೆ ಮಾತ್ರ ಜೊತೆಗೆ ಕುಡಿದಷ್ಟೇ ನಷ್ಟ. ಹಾಗಾಗಿ ರಕ್ತ ಕಡಿಮೆ ಇರುವವರು ಮೊದಲು ಬಿಡಬೇಕಾದ್ದು ತಿಂಡಿ ಊಟದ ಹಿಂದೆಯೇ ಬರುವ ಲೋಟ. ಬೆಳಗ್ಗೆ ಎದ್ದ ತಕ್ಷಣದ್ದಲ್ಲ. ನಮ್ಮ ಕಡೆ ಉಲ್ಟಾ ಸಲಹೆ ಕೊಡುವವರೇ ಜಾಸ್ತಿ.

ಮೂರು ದಿನದಲ್ಲಿ ನೋವು ನಿಂತಿತು. ಮಾತ್ರೆಯ ಸ್ಟ್ರಿಪ್ ನನ್ನ ಮೇಜಿನ ಮೇಲೇ ಬಿಟ್ಟು ಹೋಗಿದ್ದರು.

ಎರಡನೇ ವಾರ ಒಂದು ಫೋನ್ ಬಂತು. ಅವತ್ತು ಶಿವರಾತ್ರಿ. "ಡಾಕ್ಟ್ರೇ, ಮತ್ತೆ ಬಂದ್ಬಿಟ್ಟಿದೆ" ಅಂದರು, ದನಿಯಲ್ಲಿ ಗಾಬರಿ. ಪೂಜೆ ಮುಗಿಯುವ ತನಕ ಏನೂ ತಗೊಳ್ಳಬಾರದು ಅಂತ ಬೆಳಗಿನ ಕಾಫಿ ಬಿಟ್ಟಿದ್ದರು. ಹಿಂದಿನ ಸಂಜೆಯದ್ದು ತೆಳು ಕಾಫಿ. ಮಧ್ಯಾಹ್ನ ಒಂದಕ್ಕೆ ಲೆಕ್ಕ ಹಾಕಿದರೆ 21 ಗಂಟೆ. ಇದು ಹಳೆಯದೇ, ಹೊಸದೇನೂ ಅಲ್ಲ, ವ್ರತ ಮುರಿಯುವುದು ಬೇಡ ಅಂದರೆ ಸಂಜೆ ಪೂಜೆ ಆದ ಮೇಲೆ ಕುಡಿಯಿರಿ, ಗಂಟೆಯೊಳಗೆ ಹೋಗುತ್ತೆ, ಹೋಗದಿದ್ದರೆ ಫೋನ್ ಮಾಡಿ ಅಂದೆ. ಫೋನ್ ಬರಲಿಲ್ಲ. ಭಾನುವಾರ ತಡವಾಗಿ ಎದ್ದಾಗ, ಏಕಾದಶಿಯಲ್ಲಿ, ರಂಜಾನ್ ತಿಂಗಳ ಮೊದಲ ದಿನಗಳಲ್ಲಿ, ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಲ್ಯಾಬಿನ ಸರತಿಯಲ್ಲಿ ಕಾದು ನಿಂತಾಗ ಬರುವ ನೋವನ್ನು ಜನ ಹಸಿವಿನ ತಲೆನೋವು ಅನ್ನುತ್ತಾರೆ. ಅದರಲ್ಲಿ ಒಂದು ಪಾಲು ಹಸಿವಿನದ್ದು, ನೀರು ಕುಡಿಯದ್ದೂ ಸೇರಿರಬಹುದು. ದಿನಾ ಕಾಫಿ ಟೀ ಕುಡಿಯುವವರಲ್ಲಿ ಇನ್ನೊಂದು ಪಾಲು ಇದೇ. ಮುಂಚೆಯೇ ಗೊತ್ತಿರುವ ಉಪವಾಸವಾದರೆ ನಾಲ್ಕೈದು ದಿನ ಮೊದಲಿಂದ ಬೆಳಗಿನ ಲೋಟವನ್ನು ತೆಳುವಾಗಿಸುತ್ತಾ ಬರಬಹುದು.

ಎರಡು ತಿಂಗಳಿಗೆ ಹಿಮೋಗ್ಲೋಬಿನ್ 11.3ಕ್ಕೆ ಬಂತು. ರಕ್ತ ಜಾಸ್ತಿ ಹೋಗುತ್ತಿದ್ದಕ್ಕೆ ಗರ್ಭಕೋಶದೊಳಗಿನ ಪಾಲಿಪ್ ಅನ್ನುವ ಒಂದು ಸಣ್ಣ ಗಡ್ಡೆ ಕಾರಣ ಅಂತ ಸ್ತ್ರೀರೋಗ ತಜ್ಞರು ಕಂಡುಹಿಡಿದಿದ್ದರು, ತೆಗೆಯಲು ದಿನ ಗೊತ್ತಾಯಿತು. ರಾತ್ರಿಯಿಂದ ಊಟ ಇಲ್ಲ, ಬೆಳಗ್ಗೆ ಕಾಫಿ ಇಲ್ಲ ಅಂದ ತಕ್ಷಣ ಅವರಿಗೆ ಶಿವರಾತ್ರಿ ನೆನಪಾಗಿ ನನ್ನನ್ನು ಕೇಳಲು ಬಂದರು. ಆಪರೇಷನ್ ಆದ ಮೇಲೆ ಬರುವ ತಲೆನೋವಿಗೂ ತಪ್ಪಿಹೋದ ಕಾಫಿಗೂ ಸಂಬಂಧ ಇರುವುದನ್ನು ಅರಿವಳಿಕೆ ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಗೊಂದಲ ಇನ್ನೂ ಜಾಸ್ತಿ, ಯಾಕೆಂದರೆ ಅದರಿಂದಲೂ ತಲೆನೋವು ಬರುತ್ತದೆ. ಬೆನ್ನಿನ ಇಂಜೆಕ್ಷನ್‌ನ ನೋವು ಎದ್ದು ಕೂತರೆ ಜೋರಾಗಿ ಮಲಗಿದರೆ ಇಳಿಯುತ್ತದೆ. ಕಾಫಿ ನಿಂತದ್ದರ ನೋವು ಮಲಗಿದರೂ ಅಷ್ಟೇ, ಕೂತರೂ ಅಷ್ಟೇ.

ಹಾಲಿಲ್ಲದ ಕಾಫಿಯನ್ನು ನೀರಿನ ಹಾಗೆ ತಿಳಿ ದ್ರವ ಅಂತಲೇ ಲೆಕ್ಕ ಹಿಡಿಯುತ್ತಾರೆ. ಆರೋಗ್ಯವಾಗಿರುವವರಿಗೆ ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೆ ತಿಳಿ ದ್ರವಕ್ಕೆ ಅವಕಾಶ ಇರುತ್ತದೆ. ಹಾಲು ಹಾಕಿದರೆ ಈ ಲೆಕ್ಕ ನಡೆಯುವುದಿಲ್ಲ. ಆದರೆ ಇದನ್ನು ಮನೆಯಲ್ಲಿ ತೀರ್ಮಾನ ಮಾಡುವ ಹಾಗಿಲ್ಲ, ನಿಮ್ಮ ಅರಿವಳಿಕೆ ಡಾಕ್ಟರನ್ನೇ ಕೇಳಿ ಅಂತ ಒಂದು ಚೀಟಿ ಬರೆದುಕೊಟ್ಟೆ. ಅವರು ಒಪ್ಪಿದರು. ಬೆಳಗ್ಗೆ ಆರಕ್ಕೆ ಅರ್ಧ ಲೋಟ ಕರಿ ಕಾಫಿ, ಹಾಲಿಲ್ಲದೆ, ಸ್ವಲ್ಪ ಸಕ್ಕರೆ ಹಾಕಿ. ಹತ್ತು ಗಂಟೆಗೆ ಪಾಲಿಪ್ ತೆಗೆದರು. ಸಂಜೆ ಮನೆಗೆ ಬಂದರು. ತಲೆನೋವು ಬರಲಿಲ್ಲ.